“ನೀವು ಇವರಿಗೆ ಏನಾಗಬೇಕು?”: ಬಳ್ಳಾರಿಯ ಒಂದು ಜೋಡಿಯ ಪ್ರಕರಣ ಅಧ್ಯಯನ

ಈ ಬರಹದಲ್ಲಿ ಬರುವ ಇಬ್ಬರು ಮಹಿಳೆಯರನ್ನು ಕಮಲಾ ಮತ್ತು ಸುಜಾತಾ ಎಂದು ಕರೆದಿದ್ದೇನೆ. ಇವು ಅವರ ನಿಜವಾದ ಹೆಸರುಗಳಲ್ಲ. ಉದ್ಯೋಗ, ವಯಸ್ಸು, ಹಳ್ಳಿಗಳ ವಿವರಗಳನ್ನೂ ಗುರುತು ಹತ್ತದಷ್ಟು ಬದಲಿಸಿದ್ದೇನೆ. ಇಬ್ಬರೂ ಕರಡನ್ನು ಓದಿ, ಎರಡು ಕಡೆ ನನ್ನನ್ನು ತಿದ್ದಿದ ಮೇಲೆ ಇದನ್ನು ಬರೆಯಲು ಒಪ್ಪಿದ್ದಾರೆ. ನಾನು ಬಳ್ಳಾರಿಯಲ್ಲಿ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡುತ್ತಿದ್ದು, 2021ರಿಂದ ಇವರಿಬ್ಬರನ್ನು ಬಲ್ಲೆ. ಪ್ರಕರಣದಲ್ಲಿ ನಾನೇ ಮಾಡಿದ ಒಂದು ತಪ್ಪೂ ಸೇರಿದೆ. ಅದನ್ನು ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲವಾದ್ದರಿಂದ ಅದನ್ನೂ ಬರೆದಿದ್ದೇನೆ.

ಹಿನ್ನೆಲೆ

ಕಮಲಾ ಕೊಪ್ಪಳ ಜಿಲ್ಲೆಯ ಮಳೆಯಾಶ್ರಿತ ಹಳ್ಳಿಯೊಂದರಿಂದ ಹದಿನೇಳನೆಯ ವಯಸ್ಸಿನಲ್ಲಿ ಬಳ್ಳಾರಿಗೆ ಬಂದವರು. ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಸೊಂಟಪಟ್ಟಿಯ ಲೂಪ್ ಹೊಲಿಯುವ ಕೆಲಸಕ್ಕೆ ಸೇರಿ, ಪೀಸಿಗಿಷ್ಟು ಎಂಬ ಲೆಕ್ಕದಲ್ಲಿ ವರ್ಷಗಟ್ಟಲೆ ದುಡಿದು, ಈಗ ಅದೇ ಬಗೆಯ ಇನ್ನೊಂದು ಘಟಕದಲ್ಲಿ ಒಂದು ಸಾಲು ಯಂತ್ರಗಳ ಮೇಲ್ವಿಚಾರಕಿಯಾಗಿದ್ದಾರೆ. ಸುಜಾತಾ ಸಿರುಗುಪ್ಪ ಕಡೆಯ, ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಕುಟುಂಬದ ಮಗಳು. ಬಿ.ಕಾಂ. ಮುಗಿಸಿ ಪತ್ತಿನ ಸಹಕಾರ ಸಂಘವೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತಾರೆ. ಇಬ್ಬರೂ ಒಂದೇ ಮಹಿಳಾ ವಸತಿಗೃಹದಲ್ಲಿದ್ದಾಗ ಪರಿಚಯವಾಗಿ, ಎರಡು ವರ್ಷಗಳ ನಂತರ, 2021ರ ಮಾರ್ಚ್‌ನಲ್ಲಿ, ಬಾಡಿಗೆ ಮನೆ ಹಿಡಿದು ಒಟ್ಟಿಗೆ ಬದುಕಲು ತೊಡಗಿದರು. ಆಗ ಕಮಲಾಗೆ ಮೂವತ್ತು, ಸುಜಾತಾಗೆ ಇಪ್ಪತ್ತಾರು.

ಬೆಂಗಳೂರಿಗೆ ಹೋಗಿಬಿಡಿ ಎಂದು ಆಗ ಹಲವರು ಸಲಹೆ ಕೊಟ್ಟಿದ್ದರು. ಇಬ್ಬರೂ ಒಪ್ಪಲಿಲ್ಲ. ಕಮಲಾಗೆ ಕೆಲಸ ಗೊತ್ತಿದ್ದದ್ದು ಇಲ್ಲಿ, ಸುಜಾತಾಗೆ ನೌಕರಿ ಇದ್ದದ್ದು ಇಲ್ಲಿ, ಮತ್ತು ಸುಜಾತಾಗೆ ತಾಯಿಯಿಂದ ಬಸ್ಸಿನಲ್ಲಿ ಎರಡು ಗಂಟೆಗಿಂತ ದೂರ ಹೋಗಲು ಮನಸ್ಸಿರಲಿಲ್ಲ. ಆಗ ಅವರು ಅದನ್ನು ದೊಡ್ಡ ತೀರ್ಮಾನವೆಂದು ಭಾವಿಸಿರಲಿಲ್ಲ. ಆದರೆ ಮುಂದೆ ಅವರಿಗೆ ಎಂಥ ಜನ ಬೇಕಾದರು, ಎಂಥವರು ಒದಗಲಿಲ್ಲ ಎಂಬುದೆಲ್ಲ ಈ ತೀರ್ಮಾನದಿಂದಲೇ ಹುಟ್ಟಿತು.

ಮನೆ ಹುಡುಕುವಾಗ ಎಲ್ಲರಂತೆ ಮನೆಯೊಡತಿಯೂ ಕೇಳಿದ ಮೊದಲ ಪ್ರಶ್ನೆ, “ನೀವಿಬ್ರೂ ಏನಾಗಬೇಕು?” ಎಂಬುದು. ಕಮಲಾ ಯೋಚಿಸದೆ “ಅಕ್ಕ-ತಂಗಿ ರೀ, ಚಿಕ್ಕವ್ವನ ಮಗಳು” ಎಂದುಬಿಟ್ಟರು. ಆ ಹೊತ್ತಿಗೆ ಅದು ನಿರಪಾಯದ ಸುಳ್ಳಾಗಿ ಕಂಡಿತು, ಮನೆಯೂ ಸಿಕ್ಕಿತು.

ನಮ್ಮ ಭಾಗದ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಯಲ್ಲಮ್ಮ ದೇವಿಗೆ ಮುಡಿಪಾಗಿ, ಗಂಡಾಗಿ ಹುಟ್ಟಿಯೂ ಹೆಣ್ಣಾಗಿ ಬದುಕುವ ಜೋಗತಿಯರು ಬಳ್ಳಾರಿ ಸೀಮೆಗೆ ಹೊಸಬರಲ್ಲ. ಮಂಜಮ್ಮ ಜೋಗತಿಯವರಿಗೆ 2021ರ ಪದ್ಮಶ್ರೀ ಬಂದಾಗ ಇಡೀ ಜಿಲ್ಲೆ ತನ್ನದೇ ಹೆಮ್ಮೆಯೆಂಬಂತೆ ಮಾತನಾಡಿತು. ಹೀಗಿರುವುದರಿಂದ ಇಲ್ಲಿನ ಜನ ಇಂಥದ್ದನ್ನು ಸುಲಭವಾಗಿ ಒಪ್ಪುತ್ತಾರೆಂದು ಹೊರಗಿನವರು ನನಗೆ ಹೇಳುವುದುಂಟು. ಆದರೆ ಜೋಗತಿಗೆ ದೇವಿಯ ಹೆಸರಿದೆ, ದೇವಿಯನ್ನಿಟ್ಟು ಹೊರುವ ಪಡಲಿಗೆಯಿದೆ, ಜಾತ್ರೆಯಲ್ಲಿ ನಿಲ್ಲುವ ಜಾಗವಿದೆ. ಸೀರೆಯುಟ್ಟು, ಬೆಳಗ್ಗೆ ಡಬ್ಬಿ ಕಟ್ಟಿಕೊಂಡು ಕೆಲಸಕ್ಕೆ ಹೋಗಿ ಬಂದು ಒಂದೇ ಒಲೆಯಲ್ಲಿ ಅಡುಗೆ ಮಾಡುವ ಇಬ್ಬರು ಹೆಂಗಸರಿಗೆ ಕರೆಯಲು ಒಂದು ಹೆಸರೂ ಇಲ್ಲಿಲ್ಲ.

ಸಮಸ್ಯೆ

ಒಟ್ಟಿಗೆ ಬಂದ ನಾಲ್ಕನೆಯ ದಿನ ಸುಜಾತಾರ ಅಣ್ಣ, ತಂಗಿ ಕಾಣೆಯಾಗಿದ್ದಾಳೆಂದು ಪೊಲೀಸರಿಗೆ ದೂರು ಕೊಟ್ಟರು. ವಸತಿಗೃಹ ಬಿಟ್ಟದ್ದು ಅವರಿಗೆ ತಿಳಿದಿತ್ತು, ಫೋನೂ ಹತ್ತುತ್ತಿತ್ತು. ಹಾಗಿದ್ದೂ ದೂರು ಕೊಟ್ಟದ್ದು ಹುಡುಕುವುದಕ್ಕಿಂತ ಹೆದರಿಸಿ ಕರೆತರುವುದಕ್ಕೆ. ಕಮಲಾ ಮತ್ತು ಸುಜಾತಾ ನನ್ನ ಬಳಿ ಬಂದದ್ದು ಆಗಲೇ. ಮಹಿಳೆಯಾದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕನ್ನು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಕೊಟ್ಟಿದೆಯಾದ್ದರಿಂದ, ಜಿಲ್ಲಾ ಪ್ರಾಧಿಕಾರದ ಮೂಲಕ ಒಬ್ಬ ಯುವ ವಕೀಲೆ ಸಿಕ್ಕರು. ಅವರು ಮೊದಲು ಹೇಳಿದ್ದು, ಠಾಣೆಗೆ ಕಮಲಾ ಬರಬಾರದು ಎಂದು. ಜೊತೆಯಲ್ಲಿ ಕಂಡರೆ “ಇವಳೇ ಹಾರಿಸಿಕೊಂಡು ಹೋದಳು” ಎಂಬ ಮಾತಿಗೆ ಮುಖ ಸಿಕ್ಕಂತಾಗುತ್ತದೆ ಎಂಬುದು ಅವರ ಲೆಕ್ಕ. ಸುಜಾತಾ ಹಗಲು ಹೊತ್ತಿನಲ್ಲಿ, ವಕೀಲೆಯೊಂದಿಗೆ, ವಯಸ್ಸಿನ ದಾಖಲೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹಿಡಿದು ಹೋಗಿ, ತಾನು ಸ್ವಇಚ್ಛೆಯಿಂದ ಬೇರೆ ಮನೆಯಲ್ಲಿರುವುದಾಗಿಯೂ ತನ್ನನ್ನು ಯಾರೂ ಕೂಡಿಹಾಕಿಲ್ಲವೆಂದೂ ಮೊದಲೇ ಬರೆದಿಟ್ಟುಕೊಂಡ ಹೇಳಿಕೆಯನ್ನು ಕೊಟ್ಟು, ಅದರ ಪ್ರತಿಯ ಮೇಲೆ ಸ್ವೀಕೃತಿ ಹಾಕಿಸಿಕೊಂಡು ಬಂದರು. ಅಧಿಕಾರಿ ಒರಟಾಗಿ ನಡೆದುಕೊಳ್ಳಲಿಲ್ಲ. ಆದರೆ “ಆ ಹೆಣ್ಣುಮಗಳು ನಿಮಗೆ ಏನಾಗಬೇಕಮ್ಮ?” ಎಂದು ಮೂರು ಸಲ ಕೇಳಿದರು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ 377ನೆಯ ಕಲಮಿನ ತೀರ್ಪು ಕೊಟ್ಟ ಮೇಲೆ ವಯಸ್ಕರಿಬ್ಬರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದು ವಕೀಲೆ ಹೇಳಬಹುದಿತ್ತು, ಹೇಳಲಿಲ್ಲ. “ಜೊತೆಗಿರುವ ಗೆಳತಿ ಸರ್” ಎಂಬಷ್ಟಕ್ಕೆ ನಿಲ್ಲಿಸಿದರು. ಅಂದಿನ ಪ್ರಶ್ನೆ ಸುಜಾತಾ ಕಾಣೆಯಾಗಿದ್ದಾರೆಯೇ ಇಲ್ಲವೇ ಎಂಬುದಷ್ಟೇ ಆಗಿತ್ತು, ಅದಕ್ಕೆ ಬೇಕಾದ ಉತ್ತರ ಕೊಟ್ಟು ಬಂದರು.

ದೂರು ಅಲ್ಲಿಗೆ ಮುಗಿಯಿತು, ಮನೆಯವರ ಮೌನ ಅಲ್ಲಿಂದ ಶುರುವಾಯಿತು. ತಂದೆ ಮಗಳ ಫೋನ್ ತೆಗೆಯುವುದನ್ನು ಬಿಟ್ಟರು. ಚಿಕ್ಕಪ್ಪನ ಮಗಳ ಮದುವೆಯ ಪತ್ರಿಕೆಯಲ್ಲಿ ಸುಖಾಗಮನ ಬಯಸುವವರ ಸಾಲಿನಲ್ಲಿ ಮನೆಯ ಮಕ್ಕಳೆಲ್ಲರ ಹೆಸರೂ ಇದ್ದು ಇವರ ಹೆಸರಿರಲಿಲ್ಲ. ತಾಯಿ ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಗೆ ಹೋಗಿ ಮಗಳ ಮದುವೆಗಾಗಿ ಹರಕೆ ಹೊತ್ತು ಬಂದರು ಎಂಬುದು ಅತ್ತಿಗೆಯಿಂದ ತಿಳಿಯಿತು. ಕಮಲಾರ ಮನೆಯ ಸಂಗತಿ ಬೇರೆ. ಅಲ್ಲಿ ತಿಂಗಳಿಗೊಮ್ಮೆ ಕಮಲಾ ಕಳಿಸುವ ಹಣ ಬೇಕು, ಉಳಿದದ್ದನ್ನು ಯಾರೂ ಕೇಳುವುದಿಲ್ಲ. ಅವರಿಗೆ ಅದು ರೂಢಿಯಾಗಿಬಿಟ್ಟಿದೆ.

ಆದರೆ ಸುಜಾತಾರ ಮನೆಯ ಮೌನದೊಳಗೆ ಒಂದು ಕಿಂಡಿ ಇತ್ತು. ಸೋಮವಾರ ತಂದೆ ಸಿರುಗುಪ್ಪಕ್ಕೆ ಹೋದಾಗ ತಾಯಿ ಫೋನ್ ಮಾಡುತ್ತಿದ್ದರು. ಐದು ನಿಮಿಷ. ಎಮ್ಮೆ ಈಯಿತು, ಕಾಲುವೆಗೆ ನೀರು ಬಿಟ್ಟರು, ನಾಟಿಗೆ ಆಳು ಸಿಗುತ್ತಿಲ್ಲ. ಕೊನೆಗೆ “ಉಂಡೇನವ್ವಾ?” ಎಂದು ಕೇಳಿ ಇಟ್ಟುಬಿಡುತ್ತಿದ್ದರು. ಕಮಲಾರ ವಿಷಯ ಎಂದೂ ಬರುತ್ತಿರಲಿಲ್ಲ. ಈ ಕರೆಗಳನ್ನು ಸುಜಾತಾ ನನಗೆ ನೋವಿನ ಸಂಗತಿಯಾಗಿ ಹೇಳಿದರು, ನಾನೂ ಹಾಗೆಯೇ ಕೇಳಿಸಿಕೊಂಡೆ.

ಮಾಡಿ ನೋಡಿದ್ದು

2022ರ ಜನವರಿಯಲ್ಲಿ ನಾನು ಒಂದು ಭೇಟಿಗೆ ಏರ್ಪಾಡು ಮಾಡಿದೆ. ಹಿರಿಯರನ್ನು ಕೂರಿಸಿ ಮಾತನಾಡಿಸುವುದು ನಮ್ಮಲ್ಲಿ ಎಲ್ಲ ಜಗಳಕ್ಕೂ ಇರುವ ಮದ್ದು. ಗಂಡ-ಹೆಂಡಿರ ಪ್ರಕರಣಗಳಲ್ಲಿ ನಾನೂ ಅದನ್ನು ಹತ್ತಾರು ಸಲ ಮಾಡಿದ್ದೆ. ಸಿರುಗುಪ್ಪದ ಸಂಬಂಧಿಕರೊಬ್ಬರ ಮನೆ. ತಂದೆ ಮಂಚದ ಅಂಚಿನಲ್ಲಿ, ಅಣ್ಣ ಬಾಗಿಲ ಬಳಿ, ತಾಯಿ ಅಡುಗೆಮನೆಯ ಹೊಸ್ತಿಲಲ್ಲಿ. ಇದು ಕಾಯಿಲೆಯಲ್ಲ, ಕೆಟ್ಟ ಸಹವಾಸದಿಂದ ಬಂದದ್ದಲ್ಲ, ಇಬ್ಬರೂ ದುಡಿದು ಬದುಕುವವರು ಎಂದು ಸಿದ್ಧಪಡಿಸಿಕೊಂಡಿದ್ದ ಮಾತುಗಳನ್ನು ಹೇಳಿದೆ. ‘ಸಂಗಾತಿ’ ಎಂಬ ಪದವನ್ನೂ ಬಳಸಿದೆ. ತಂದೆ ನಡುವೆ ಒಂದು ಮಾತೂ ಆಡಲಿಲ್ಲ. ನಾನು ಮುಗಿಸಿದ ಮೇಲೆ ಹೆಗಲ ಮೇಲಿನ ಟವೆಲ್ಲು ಸರಿಪಡಿಸಿಕೊಂಡು, ಹೊರಗೆ ಹೋಗಿ, ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣದ ಕಡೆಗೆ ನಡೆದರು. ಮುಟ್ಟದೆ ಬಿಟ್ಟ ಚಹಾ ಮಂಚದ ಕೆಳಗೆ ಕೆನೆಗಟ್ಟಿತ್ತು. “ಏನ್ ಸಾಧಿಸಿದ್ರಿ ಮೇಡಂ?” ಎಂದು ಅಣ್ಣ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಮುಂದಿನ ಸೋಮವಾರ ತಾಯಿಯ ಫೋನ್ ಬರಲಿಲ್ಲ. ಅದರ ಮುಂದಿನದೂ ಬರಲಿಲ್ಲ. ಒಟ್ಟು ಏಳು ತಿಂಗಳು ಬರಲಿಲ್ಲ.

ತಪ್ಪು ಎಲ್ಲಿತ್ತು ಎಂಬುದು ನನಗೆ ತಡವಾಗಿ ತಿಳಿಯಿತು. ಮೌನವನ್ನು ನಾನು ಮುರಿಯಬೇಕಾದ ಗೋಡೆಯೆಂದು ತಿಳಿದಿದ್ದೆ. ಅದುವರೆಗೆ ಯಾರೂ ವಿಷಯವನ್ನು ಬಾಯಿಬಿಟ್ಟು ಹೇಳಿರಲಿಲ್ಲವಾದ್ದರಿಂದ ತಾಯಿಗೆ “ನನಗೇನೂ ಗೊತ್ತಿಲ್ಲ” ಎನ್ನುವ ಅವಕಾಶವಿತ್ತು. ಆ ಅವಕಾಶದಲ್ಲಿಯೇ ಅವರು ಫೋನ್ ಮಾಡುತ್ತಿದ್ದರು. ನಾಲ್ಕು ಜನರೆದುರು ನಾನು ಹೆಸರಿಟ್ಟು ಹೇಳಿದ ಮೇಲೆ ತಂದೆ ಏನಾದರೂ ನಿಲುವು ತೋರಲೇಬೇಕಾಯಿತು. ಆಮೇಲೆ ಫೋನ್ ಮಾಡುವುದೆಂದರೆ ತಾಯಿ ಗಂಡನ ನಿಲುವಿನ ವಿರುದ್ಧ ಹೋದಂತೆ. ಭೇಟಿಗೆ ಮುಂಚೆ ನಾನು ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ಈಗ ಏನೇನು ನಡೆಯುತ್ತಿದೆ, ಅದರಲ್ಲಿ ಯಾವುದು ನಿಂತರೆ ನಿಮಗೆ ತಡೆಯಲಾಗದು? ಕೇಳಿದ್ದರೆ ಸುಜಾತಾ ಸೋಮವಾರದ ಫೋನ್ ಎನ್ನುತ್ತಿದ್ದರು, ನಾನು ಆ ಮನೆಯ ಮೆಟ್ಟಿಲು ಹತ್ತುತ್ತಿರಲಿಲ್ಲ.

ಅದೇ ವರ್ಷ ಅವರಿಬ್ಬರೂ ತಾವೇ ಒಂದು ಪ್ರಯತ್ನ ಮಾಡಿದರು. ವಾಟ್ಸ್‌ಆ್ಯಪ್‌ನಲ್ಲಿ ಗೆಳೆಯ ಗೆಳತಿಯರ ಗುಂಪು ಕಟ್ಟಿದರು. ಹದಿನಾಲ್ಕು ಜನ, ಹೆಚ್ಚಿನವರು ಬೆಂಗಳೂರಿನಲ್ಲಿದ್ದ ತಮ್ಮಂಥವರೇ ಜೋಡಿಗಳು, ಇಬ್ಬರು ಹುಬ್ಬಳ್ಳಿಯವರು, ಬಳ್ಳಾರಿಯಲ್ಲಿ ನಾನೊಬ್ಬಳೇ. ಈ ಗುಂಪನ್ನು ನಾನು ಹಗುರಾಗಿ ನೋಡುವುದಿಲ್ಲ. ತಮ್ಮ ಹಾಗೆ ಬದುಕುವ ಇನ್ನೊಂದು ಮನೆಯಿದೆ, ಅಲ್ಲಿಯೂ ಪಾತ್ರೆ ತೊಳೆಯುವ ವಿಷಯಕ್ಕೆ ಜಗಳವಾಗುತ್ತದೆ ಎಂದು ತಿಳಿಯುವುದೇ ಅವರಿಗೆ ದೊಡ್ಡ ಸಮಾಧಾನವಾಗಿತ್ತು. ಆದರೆ ಸಮಾಧಾನ ಹೇಳುವವರು ಮತ್ತು ಕಷ್ಟಕ್ಕೆ ಎದ್ದು ಬರುವವರು ಒಂದೇ ಎಂದು ಆಗ ನಾವೆಲ್ಲರೂ ಎಣಿಸಿದ್ದೆವು.

ಆಸ್ಪತ್ರೆಯ ರಾತ್ರಿ

2023ರ ಆಗಸ್ಟ್‌ನ ಒಂದು ರಾತ್ರಿ ಸುಜಾತಾಗೆ ಹೊಟ್ಟೆನೋವು ಶುರುವಾಯಿತು. ಹೊಕ್ಕುಳ ಸುತ್ತ ಇದ್ದ ನೋವು ಕ್ರಮೇಣ ಬಲಗಡೆಯ ಕೆಳಹೊಟ್ಟೆಗೆ ಇಳಿದು, ವಾಂತಿಯೂ ಆಗತೊಡಗಿದಾಗ ಕಮಲಾ ಕೆಳಗಿನ ಮನೆಯೊಡತಿಯನ್ನು ಎಬ್ಬಿಸಿದರು. ಎಪ್ಪತ್ತು ದಾಟಿದ, ನಿವೃತ್ತ ಶಿಕ್ಷಕಿಯಾದ ಆಕೆಯೂ ಜೊತೆಗೆ ಹೊರಟರು. ಆಟೊ ಸಿಗಲು ಮುಕ್ಕಾಲು ಗಂಟೆ ಹಿಡಿಯಿತು. ಖಾಸಗಿ ಆಸ್ಪತ್ರೆಯೊಂದರಲ್ಲಿ ಕರ್ತವ್ಯದಲ್ಲಿದ್ದ ವೈದ್ಯರು ಅಪೆಂಡಿಕ್ಸ್ ಊದಿಕೊಂಡಿರುವ ಹಾಗಿದೆ, ಶಸ್ತ್ರಚಿಕಿತ್ಸೆ ಬೇಕಾಗುತ್ತದೆ ಎಂದರು. ಆಗ ಕೌಂಟರಿನಲ್ಲಿ ನಮೂನೆ ತುಂಬುವ ಸರದಿ.

ನಮೂನೆಯಲ್ಲಿ ‘ರೋಗಿಗೆ ಸಂಬಂಧ’ ಎಂಬ ಅಂಕಣವಿತ್ತು. ಕಮಲಾ ಅದರಲ್ಲಿ ‘ಗೆಳತಿ’ ಎಂದು ಬರೆದರು. ಪಕ್ಕದಲ್ಲಿ ನಿಂತಿದ್ದ ಮನೆಯೊಡತಿ, ಹುಡುಗಿಗೆ ಅನುಕೂಲವಾಗಲೆಂದೇ, “ಅಕ್ಕ-ತಂಗಿ ಅವರು” ಎಂದು ಗುಮಾಸ್ತನಿಗೆ ಹೇಳಿದರು. ಗುಮಾಸ್ತ ಎರಡೂ ಆಧಾರ್ ಕಾರ್ಡ್ ನೋಡಿದ. ತಂದೆಯ ಹೆಸರು ಬೇರೆ, ಊರು ಬೇರೆ, ಜಿಲ್ಲೆ ಬೇರೆ. “ಖರೇವಂದ್ರೂ ಏನಾಗಬೇಕ್ರಿ ನೀವು ಇವರಿಗೆ?” ಎಂದ. ಒಂದೇ ಪ್ರಶ್ನೆಗೆ ಎರಡು ಉತ್ತರ ಸಿಕ್ಕ ಮೇಲೆ ಆತನಿಗೆ ಅನುಮಾನ ಬಂದದ್ದು ಸಹಜ. ಮನೆಯವರ ಸಹಿಯಿಲ್ಲದೆ ಮುಂದುವರಿಯುವುದಿಲ್ಲ ಎಂದುಬಿಟ್ಟ. ಸುಜಾತಾರ ತಂದೆಗೆ ಆಸ್ಪತ್ರೆಯ ಫೋನಿನಿಂದ ನಾಲ್ಕು ಸಲ ಕರೆ ಹೋಯಿತು, ಅವರು ಗುರುತಿಲ್ಲದ ನಂಬರನ್ನು ತೆಗೆಯಲಿಲ್ಲ. ಮುಂಗಡವಾಗಿ ಇಪ್ಪತ್ತು ಸಾವಿರ ಕಟ್ಟಬೇಕಿತ್ತು. ಹಣ ಸುಜಾತಾರ ಖಾತೆಯಲ್ಲಿತ್ತು, ಅವರ ಫೋನಿನ ಗುಪ್ತಸಂಖ್ಯೆ ಕಮಲಾಗೆ ತಿಳಿದಿರಲಿಲ್ಲ, ನೋವಿನಲ್ಲಿ ಸುಜಾತಾಗೆ ಬೆರಳು ನಿಲ್ಲುತ್ತಿರಲಿಲ್ಲ. ಗುಂಪಿಗೆ ಸಂದೇಶ ಹೋಯಿತು. ಎಚ್ಚರವಿದ್ದ ಆರು ಜನ ಧೈರ್ಯ ಹೇಳಿದರು, ಒಬ್ಬರು ಐದು ಸಾವಿರ ಕಳಿಸಿದರು. ಮುನ್ನೂರು ಕಿಲೋಮೀಟರ್ ದೂರದಿಂದ ಅದಕ್ಕಿಂತ ಹೆಚ್ಚಿನದನ್ನು ಯಾರೂ ಮಾಡಲಾರರು. ನನ್ನ ಫೋನ್ ಚಾರ್ಜಿಗೆ ಹಾಕಿ ಸದ್ದು ಆರಿಸಿದ್ದೆ.

ಎರಡೂವರೆ ಗಂಟೆಯ ನಂತರ ಬಂದ ಶಸ್ತ್ರಚಿಕಿತ್ಸಕರು ನಮೂನೆಯನ್ನು ನೋಡಿ, ರೋಗಿಗೆ ಎಚ್ಚರವಿದೆಯಲ್ಲ, ಆಕೆಯ ಸಹಿ ತೆಗೆದುಕೊಳ್ಳುವುದಕ್ಕೆ ಏನು ಕಷ್ಟ ಎಂದು ಗುಮಾಸ್ತನನ್ನೇ ಗದರಿ, ಸುಜಾತಾರ ಸಹಿ ಪಡೆದು ಒಳಗೆ ಕರೆದೊಯ್ದರು. ಅಪೆಂಡಿಕ್ಸ್ ಒಡೆದಿರಲಿಲ್ಲ. ಒಡೆದಿದ್ದರೆ ಸೋಂಕು ಹೊಟ್ಟೆಯೊಳಗೆಲ್ಲ ಹರಡುತ್ತಿತ್ತು, ನಾನು ಬೇರೆ ಬಗೆಯ ಪ್ರಕರಣವನ್ನು ಬರೆಯಬೇಕಾಗುತ್ತಿತ್ತು. ತಿಳಿದಿರಬೇಕಾದದ್ದು ಇಷ್ಟು: ಎಚ್ಚರವಿರುವ, ಅರ್ಥಮಾಡಿಕೊಳ್ಳಬಲ್ಲ ವಯಸ್ಕ ರೋಗಿಯ ಒಪ್ಪಿಗೆ ಆ ರೋಗಿಯದೇ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ವಯಸ್ಕ ಮಗಳ ಪರವಾಗಿ ತಾಯಿ ಕೊಟ್ಟ ಒಪ್ಪಿಗೆಯೂ ಸಲ್ಲದು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಸಂಬಂಧಿಕರ ಸಹಿ ಬೇಕೆನ್ನುವುದು ಹೆಚ್ಚಿನ ಕಡೆ ಆಸ್ಪತ್ರೆಗಳು ತಮ್ಮ ಸುರಕ್ಷತೆಗೆ ಇಟ್ಟುಕೊಂಡ ಪದ್ಧತಿ. ಅಂದು ರಾತ್ರಿ ಕೌಂಟರಿನ ಮುಂದೆ ನಿಂತ ಮೂವರಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ.

ಮನೆಗೆ ಬಂದ ವಾರದಲ್ಲಿ ಕಮಲಾ ಮನೆಯೊಡತಿಗೆ ನಿಜ ಹೇಳಿದರು. ಆಕೆ ಸಿಟ್ಟಾದದ್ದು ಸಂಬಂಧದ ಬಗ್ಗೆ ಅಲ್ಲ. “ಸುಳ್ಳ್ಯಾಕ ಹೇಳಿದ್ರವಾ? ಆಸ್ಪತ್ರಿಯಾಗ ನನ್ನ ಕೈಲೂ ಸುಳ್ಳು ಹೇಳಿಸಿದ್ರಲ್ಲ” ಎಂದರು. ಎರಡು ವಾರ ಮಾತಿಲ್ಲ, ಹಬ್ಬಕ್ಕೆ ಹೋಳಿಗೆ ಮೇಲಕ್ಕೆ ಬರಲಿಲ್ಲ. ಮನೆ ಬಿಡಿಸುತ್ತಾರೆಂದೇ ಇಬ್ಬರೂ ಎಣಿಸಿದ್ದರು. ಮೂರನೆಯ ವಾರ ರಕ್ತದೊತ್ತಡ ಅಳೆಯುವ ಯಂತ್ರವನ್ನು ಹಿಡಿದು ಮೆಟ್ಟಿಲ ಕೆಳಗಿನಿಂದ ಸುಜಾತಾರನ್ನು ಕೂಗಿದರು. ವಾರಕ್ಕೊಮ್ಮೆ ಅದನ್ನು ನೋಡಿ ಪುಸ್ತಕದಲ್ಲಿ ಬರೆಯುವುದು ಮೊದಲಿನಿಂದ ಸುಜಾತಾರ ಕೆಲಸವಾಗಿತ್ತು.

ಮರುಜೋಡಣೆ

ಅಕ್ಟೋಬರ್ 17, 2023ರಂದು ಸುಪ್ರೀಂ ಕೋರ್ಟಿನ ಮದುವೆಯ ತೀರ್ಪು ಬಂತು. ಮದುವೆಯಾಗುವುದು ಮೂಲಭೂತ ಹಕ್ಕಲ್ಲ, ಸಲಿಂಗ ಜೋಡಿಗಳಿಗೆ ಮದುವೆಯ ಮಾನ್ಯತೆ ಕೊಡಬೇಕೋ ಬೇಡವೋ ಎಂಬುದು ಶಾಸಕಾಂಗಕ್ಕೆ ಬಿಟ್ಟದ್ದು ಎಂದಿತು. ಕಮಲಾ ಆ ದಿನ ಕೆಲಸದಿಂದ ಬೇಗ ಬಂದು ಮಲಗಿಬಿಟ್ಟರಂತೆ. ‘ಏನಾಗಬೇಕು’ ಎಂಬುದಕ್ಕೆ ಒಂದೇ ಪದದ ಉತ್ತರ ಸದ್ಯಕ್ಕೆ ಸಿಗುವುದಿಲ್ಲ ಎಂದಾದ ಮೇಲೆ, ಆ ಪದ ಎಲ್ಲೆಲ್ಲಿ ಕೆಲಸಕ್ಕೆ ಬರುತ್ತಿತ್ತೋ ಅಲ್ಲಲ್ಲಿ ಬೇರೆ ಬೇರೆ ಏರ್ಪಾಡು ಮಾಡಿಕೊಳ್ಳಬೇಕಾಯಿತು.

2024ರ ಜನವರಿಯ ಒಂದು ಭಾನುವಾರ ಅವರ ಮನೆಯಲ್ಲಿ ಸೇರಿದೆವು. ಕಮಲಾ ಘಟಕದಿಂದ ಪ್ಯಾಂಟಿನ ಕಾಲಿನ ಅಳತೆಗೆ ಕತ್ತರಿಸಿದ ಹಳೆಯ ಪ್ಯಾಟರ್ನ್ ರಟ್ಟು ತಂದಿದ್ದರು. ಅದರ ಹಿಂಬದಿಯಲ್ಲಿ ಸುಜಾತಾ ಸ್ಕೇಲಿಟ್ಟು ಐದು ಅಂಕಣ ಎಳೆದರು: ರಾತ್ರಿ ಕರೆದರೆ ಬರುವವರು, ತುರ್ತು ಹಣ, ಕಾಗದಪತ್ರ, ಮನೆಯ ಕೀಲಿ, ಊರಿನ ಸುದ್ದಿ. ಆಸ್ಪತ್ರೆಯ ರಾತ್ರಿ ಏನೇನು ಇರಲಿಲ್ಲವೋ ಅದರಿಂದಲೇ ಅಂಕಣಗಳ ಹೆಸರು ಬಂದದ್ದು. ಒಬ್ಬರಿಗೆ ಒಂದೇ ಅಂಕಣ ಎಂಬುದು ಕಮಲಾರ ಹಟ. ಹೊಲಿಗೆಯ ಸಾಲಿನಲ್ಲಿ ಒಬ್ಬಳಿಗೆ ಎರಡು ಕೆಲಸ ಕೊಟ್ಟರೆ ಎರಡೂ ನಿಲ್ಲುತ್ತವೆ ಎಂದರು.

ಕಮಲಾರೊಂದಿಗೆ ಹದಿಮೂರು ವರ್ಷ ಹೊಲಿದ ಹಿರಿಯ ಹೆಂಗಸೊಬ್ಬರ ಮಗ ಆಟೊ ಓಡಿಸುತ್ತಾನೆ. ರಾತ್ರಿಯ ಅಂಕಣ ಅವನದಾಯಿತು. ಹಣದ ಅಂಕಣಕ್ಕೆ ಸುಜಾತಾರ ಸಹೋದ್ಯೋಗಿಯೊಬ್ಬರು ಒಪ್ಪಿದ್ದರು. ಅವರ ಪತ್ನಿಗೆ ವಿಷಯ ತಿಳಿದು, ನಮ್ಮ ಮನೆಗೆ ಇದೆಲ್ಲ ಬೇಡ ಎಂದ ಮೇಲೆ ತಿಂಗಳಲ್ಲಿ ಹಿಂದೆ ಸರಿದರು. ಅವರ ಜಾಗಕ್ಕೆ ಹುಬ್ಬಳ್ಳಿಯ ಗೆಳತಿ ಬಂದರು, ಹಣ ಕಳಿಸಲು ದೂರ ಅಡ್ಡಿಯಲ್ಲವಲ್ಲ. ಕಾಗದಪತ್ರ ವಕೀಲೆಯದು, ಕೀಲಿ ಮನೆಯೊಡತಿಯದು. ಊರಿನ ಸುದ್ದಿಯ ಅಂಕಣದಲ್ಲಿ ಸುಜಾತಾರ ಅತ್ತಿಗೆಯ ಹೆಸರಿನ ಮೊದಲಕ್ಷರವನ್ನಷ್ಟೇ ಬರೆದರು. ನನ್ನ ಹೆಸರು ಯಾವ ಅಂಕಣದಲ್ಲೂ ಇಲ್ಲ. ಅದು ನನ್ನದೇ ಬೇಡಿಕೆ. ಸಮಾಲೋಚಕಿಯೇ ಬಳಗವೂ ಆಗಿಬಿಟ್ಟರೆ ಬಳಗ ಬೆಳೆಯುವುದಿಲ್ಲ, ಹಿಂದಿನ ಎರಡು ವರ್ಷ ಆದದ್ದು ಅದೇ.

ಯಾರಿಗೆ ಎಷ್ಟು ಹೇಳಬೇಕು ಎಂಬುದಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಎಲ್ಲರಿಗೂ ಎಲ್ಲವನ್ನೂ ಹೇಳುವ ಅಗತ್ಯವಿಲ್ಲ, ಆದರೆ ಯಾರಿಗೂ ಸುಳ್ಳು ಹೇಳಬಾರದು ಎಂದು ನಿಂತಿತು. ಆಟೊದ ಹುಡುಗನಿಗೆ “ನಮ್ಮದಿಬ್ಬರದೇ ಮನೆ, ಬೇರೆ ಯಾರೂ ಬರುವವರಿಲ್ಲ” ಎಂದಷ್ಟೇ ಹೇಳಿದರು. ಅವನು ಹೆಚ್ಚು ಕೇಳಲಿಲ್ಲ. ಅವನ ತಾಯಿಗೆ ಎಲ್ಲವೂ ಗೊತ್ತು. ಈ ಸಂಬಂಧಗಳು ಒಮ್ಮುಖವಾಗಿಯೂ ಇರಲಿಲ್ಲ. ಆಟೊ ಸಾಲದ ಅರ್ಜಿಯನ್ನು ತುಂಬಿಕೊಟ್ಟವರು ಸುಜಾತಾ, ಅವನ ಮಕ್ಕಳ ಸಮವಸ್ತ್ರದ ಚಡ್ಡಿಯನ್ನು ಪ್ರತಿ ಜೂನ್‌ನಲ್ಲಿ ಬಿಚ್ಚಿ ಹೊಲಿದುಕೊಡುವವರು ಕಮಲಾ.

ಕಾಗದಪತ್ರಗಳಲ್ಲಿ ಮೊದಲನೆಯದನ್ನು ವಕೀಲೆ ಬಿಳಿಹಾಳೆಯ ಮೇಲೆ ಬರೆಸಿದರು. ಸುಜಾತಾರನ್ನು ಮಾನಸಿಕ ಆಸ್ಪತ್ರೆಗೆ ಸೇರಿಸುತ್ತೇನೆಂದು ಅಣ್ಣ ಒಮ್ಮೆ ಹೇಳಿದ್ದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 14ನೆಯ ಕಲಮಿನಂತೆ ಯಾವುದೇ ವಯಸ್ಕರು ತಮಗೆ ಬೇಕಾದವರನ್ನು ನಾಮನಿರ್ದೇಶಿತ ಪ್ರತಿನಿಧಿಯಾಗಿ ನೇಮಿಸಿಕೊಳ್ಳಬಹುದು. ಬಿಳಿಹಾಳೆ, ಸಹಿ ಅಥವಾ ಹೆಬ್ಬೆಟ್ಟು ಸಾಕು. ನೇಮಿಸಿಕೊಳ್ಳದಿದ್ದರೆ ಆ ಸ್ಥಾನ ಸಂಬಂಧಿಕರಿಗೆ ಹೋಗುತ್ತದೆ. ಒಬ್ಬರ ಇಚ್ಛೆಯಿಲ್ಲದೆ ಆಸ್ಪತ್ರೆಗೆ ಸೇರಿಸಲು ಅರ್ಜಿ ಕೊಡಬೇಕಾದವರೂ ಅದೇ ಪ್ರತಿನಿಧಿ. ಸುಜಾತಾ ಕಮಲಾರ ಹೆಸರನ್ನೂ ಕಮಲಾ ಸುಜಾತಾರ ಹೆಸರನ್ನೂ ಬರೆದರು. ಇದು ಮಾನಸಿಕ ಚಿಕಿತ್ಸೆಗೆ ಮಾತ್ರ ಸಲ್ಲುವ ಪತ್ರ. ಉಳಿದ ಆಸ್ಪತ್ರೆಗಳಿಗಾಗಿ, ತುರ್ತಿನಲ್ಲಿ ಯಾರಿಗೆ ತಿಳಿಸಬೇಕು, ಯಾರೊಂದಿಗೆ ಚರ್ಚಿಸಬೇಕು ಎಂದು ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಬೇರೆ ಪತ್ರ ಮಾಡಿ ನೋಟರಿ ಮಾಡಿಸಿದರು. ಅದನ್ನು ಆಸ್ಪತ್ರೆ ಪಾಲಿಸಲೇಬೇಕೆಂಬ ನಿಯಮವಿಲ್ಲವೆಂದು ವಕೀಲೆ ಮೊದಲೇ ಹೇಳಿದ್ದರು. ಮುದ್ರೆಯಿರುವ ಕಾಗದ ಕೌಂಟರಿನಲ್ಲಿ ಅರ್ಧ ಗಂಟೆಯ ವಾದವನ್ನು ಉಳಿಸುತ್ತದೆ, ಅದಕ್ಕಾಗಿ ಮಾಡಿಸಿದ್ದು. ಉಯಿಲುಗಳನ್ನೂ ಬರೆದರು. ಅದಕ್ಕೆ ಇಬ್ಬರು ಸಾಕ್ಷಿಗಳು ಕಡ್ಡಾಯ, ನೋಂದಣಿ ಕಡ್ಡಾಯವಲ್ಲ. ಸಾಕ್ಷಿಗಳಲ್ಲಿ ಒಬ್ಬರು ಮನೆಯೊಡತಿ.

ಬ್ಯಾಂಕಿನ ಕೆಲಸ ಅಕ್ಟೋಬರ್‌ವರೆಗೆ ಹೋಯಿತು. ಇಂಥ ಜೋಡಿಗಳು ಜಂಟಿ ಖಾತೆ ತೆರೆಯುವುದಕ್ಕೂ ಒಬ್ಬರನ್ನೊಬ್ಬರು ನಾಮಿನಿ ಮಾಡುವುದಕ್ಕೂ ಯಾವ ನಿರ್ಬಂಧವೂ ಇಲ್ಲ ಎಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್ 28ರಂದು ಸ್ಪಷ್ಟಪಡಿಸಿತ್ತು. ಅದರ ಮುದ್ರಿತ ಪ್ರತಿಯನ್ನು ಚೀಲದಲ್ಲಿಟ್ಟುಕೊಂಡೇ ಹೋದರು. ಅಧಿಕಾರಿ ಅರ್ಜಿ ನೋಡುತ್ತ “ನೀವು ಇವರಿಗೆ ಏನಾಗಬೇಕು?” ಎಂದರು. ಕಮಲಾ, “ಒಂದೇ ಮನೆಯವರು ಸರ್” ಎಂದರು. ಅವರು ತಲೆಯಾಡಿಸಿ ಸಹಿ ಹಾಕುವ ಜಾಗ ತೋರಿಸಿದರು. ಇಬ್ಬರಲ್ಲಿ ಯಾರಾದರೂ ಹಣ ತೆಗೆಯಬಹುದಾದ, ಒಬ್ಬರಿಲ್ಲವಾದರೆ ಉಳಿದವರು ನಡೆಸಬಹುದಾದ ಖಾತೆ ತೆರೆಯಿತು. ಸಚಿವಾಲಯದ ಕಾಗದವನ್ನು ಚೀಲದಿಂದ ತೆಗೆಯುವ ಪ್ರಸಂಗವೇ ಬರಲಿಲ್ಲ.

ಈಗಿನ ಸ್ಥಿತಿ

ತಾಯಿಯ ಸೋಮವಾರದ ಕರೆ ಮತ್ತೆ ಬರತೊಡಗಿದ್ದು ಆಸ್ಪತ್ರೆಯ ರಾತ್ರಿಗಿಂತ ಒಂದು ವರ್ಷ ಮೊದಲೇ, ಅತ್ತಿಗೆ ತನ್ನ ಫೋನನ್ನು ಅಡುಗೆಮನೆಯಲ್ಲಿ ‘ಮರೆತು’ ಹೋಗುವುದರ ಮೂಲಕ. ಅದರಲ್ಲಿ ನನ್ನ ಪಾತ್ರವೇನೂ ಇಲ್ಲ. ಮಾತು ಈಗಲೂ ಎಮ್ಮೆ, ಕಾಲುವೆ, ನಾಟಿ. ಶಸ್ತ್ರಚಿಕಿತ್ಸೆಯ ವಿಷಯವನ್ನು ಅತ್ತಿಗೆ ಹೇಳಿದ ಮೇಲೆ ಬಸ್ ಕಂಡಕ್ಟರರ ಕೈಯಲ್ಲಿ ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿಯ ಚೀಲ ಬರತೊಡಗಿತು. ಕಳೆದ ವರ್ಷದ ಒಂದು ಸೋಮವಾರ ಕರೆ ಮುಗಿಸುವ ಮುನ್ನ ತಾಯಿ ಎಂದಿನ “ಉಂಡೇನವ್ವಾ?” ಬದಲು “ಉಂಡ್ರೇನವ್ವಾ?” ಎಂದರು. ಹೆತ್ತ ಮಗಳನ್ನು ಆ ಮನೆಯಲ್ಲಿ ಯಾರೂ ಬಹುವಚನದಲ್ಲಿ ಮಾತನಾಡಿಸುವುದಿಲ್ಲ. ಸುಜಾತಾ ಇದನ್ನು ನನಗೆ ಹೇಳುವಾಗ ಎರಡು ಸಲ ಹೇಳಿದರು. ಬಾಯಿತಪ್ಪಿ ಬಂದದ್ದೂ ಇರಬಹುದು ಎಂದು ಕಮಲಾ ಎಂದರು. ನಾನು ಏನೂ ಹೇಳಲಿಲ್ಲ. ತಂದೆ ಇನ್ನೂ ಫೋನ್ ತೆಗೆಯುವುದಿಲ್ಲ.

ಪ್ಯಾಟರ್ನ್ ರಟ್ಟು ಬೀರುವಿನ ಬಾಗಿಲ ಒಳಬದಿಯಲ್ಲಿ ಅಂಟಿಸಿಕೊಂಡಿದೆ. ಆರು ತಿಂಗಳಿಗೊಮ್ಮೆ, ಎಲ್ಲರಿಗೂ ಫೋನ್ ಮಾಡಿ, ಇನ್ನೂ ಆಗುತ್ತದೆಯೇ ಎಂದು ಕೇಳಿ ಹೆಸರುಗಳನ್ನು ಪೆನ್ಸಿಲಿನಲ್ಲಿ ತಿದ್ದುತ್ತಾರೆ. ಆಟೊದ ಹುಡುಗ ಎರಡು ತಿಂಗಳ ಹಿಂದೆ ಹೊಸಪೇಟೆಗೆ ಹೋದ, ಅಲ್ಲಿ ಪ್ರವಾಸಿಗರ ಬಾಡಿಗೆ ಹೆಚ್ಚು ಸಿಗುತ್ತದಂತೆ. ರಾತ್ರಿಯ ಅಂಕಣ ಈಗ ಖಾಲಿಯಿದೆ. ಬೀದಿಯ ಕೊನೆಯಲ್ಲಿ ಹಾಲು ಹಾಕುವವನ ಬಳಿ ಟಾಟಾ ಏಸ್ ಇದೆ, ನಸುಕಿನ ಮೂರಕ್ಕೇ ಎದ್ದಿರುತ್ತಾನೆ. ಅವನನ್ನು ಕೇಳಬೇಕೆಂದು ಮನೆಯೊಡತಿ ಹೇಳಿದ್ದಾರೆ. ತಾವೇ ಕೇಳುತ್ತೇವೆ, ಕೇಳುವಾಗ ಏನು ಹೇಳಬೇಕೆಂದು ಮೊದಲು ಕೂತು ತೀರ್ಮಾನಿಸುತ್ತೇವೆ ಎಂದು ಸುಜಾತಾ ಅಂದಿದ್ದಾರೆ.